ಗೋಡೆ ಗಡಿಯಾರ ನಿಂತರೆ, ನಿಂತ ಸಮಯ ಬರೆದಿಡಿ

ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಎರಡು ಸಲ ಹೊಸ ಸೆಲ್ ಹಾಕಿದರೂ ನಿಲ್ಲುತ್ತಲೇ ಇತ್ತು. ಒಮ್ಮೆ 4:22ಕ್ಕೆ, ತಳ್ಳಿ ಬಿಟ್ಟಮೇಲೆ ಇನ್ನೊಮ್ಮೆ 7:38ಕ್ಕೆ. ಆಮೇಲೆ ಹೊಳೆಯಿತು: ಎರಡೂ ದೊಡ್ಡ ಮುಳ್ಳು ಚಿಕ್ಕ ಮುಳ್ಳಿನ ಮೇಲೆ ಹಾದುಹೋಗುವ ಹೊತ್ತು! ಗಾಜು ತೆಗೆದು ಪಕ್ಕದಿಂದ ನೋಡಿದರೆ ದೊಡ್ಡ ಮುಳ್ಳು ಸ್ವಲ್ಪ ಒಳಕ್ಕೆ ಬಾಗಿ ಚಿಕ್ಕದಕ್ಕೆ ತಾಗುತ್ತಿತ್ತು. ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯನ್ನು ಮೆಲ್ಲಗೆ ಎತ್ತಿದೆ. ಮುಳ್ಳು ಮುಳ್ಳಿಗಾಗಲಿ, ಡಯಲ್‌ಗಾಗಲಿ, ಗಾಜಿಗಾಗಲಿ ತಾಗಬಾರದು.

ಸೆಲ್ ಸೋತಿದ್ದರೆ ಲಕ್ಷಣವೇ ಬೇರೆ. ಸೆಕೆಂಡ್ ಮುಳ್ಳು ಮೇಲಕ್ಕೆ ಹತ್ತಬೇಕಾದ 9ರ ಹತ್ತಿರ ಮುಂದೆ ಹೋಗಲಾರದೆ, ಇದ್ದಲ್ಲೇ ಮಿಡುಕುತ್ತದೆ. ಆಗ ಸೆಲ್ ಬದಲಿಸಿದರೆ ಸಾಕು. ಸೆಲ್ ಕೂರುವ ತಗಡಿನ ಮೇಲೆ ಬಿಳಿ ಪುಡಿ ಕಂಡರೆ ಕೆರೆದು ಒರೆಸಿ.

ಹೊಸ ಸೆಲ್ ಹಾಕಿ, ಮುಳ್ಳುಗಳನ್ನೆಲ್ಲ ಕಳಚಿದ ಮೇಲೂ ಒಳಗಿನ ಟಿಕ್ ಟಿಕ್ ಕೇಳದಿದ್ದರೆ ಮಷಿನ್ ಹೋಗಿದೆ ಎಂದೇ ಅರ್ಥ. ಗಡಿಯಾರ ಎಸೆಯಬೇಡಿ, ಹಿಂದಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ ಮಾತ್ರ ಬದಲಿಸಬಹುದು. ಹಳೆಯದನ್ನು ಮುಳ್ಳುಗಳ ಸಮೇತ ಗಡಿಯಾರದ ಅಂಗಡಿಗೆ ಒಯ್ಯಿರಿ. ಹೊಸದರ ನಡುವಿನ, ನಟ್ ತಿರುಗಿಸುವ ತಿರುಪಿರುವ ಕೊಳವೆ ಹಳೆಯದರಷ್ಟೇ ಉದ್ದ ಇರಬೇಕು. ಗಿಡ್ಡವಾದರೆ ಡಯಲ್ ದಾಟಿ ಬಂದು ನಟ್ ಹಿಡಿಯುವುದಿಲ್ಲ, ತೀರಾ ಉದ್ದವಾದರೆ ಮುಳ್ಳು ಗಾಜಿಗೆ ತಾಗುತ್ತದೆ. ಹಳೆ ಮುಳ್ಳುಗಳ ತೂತು ಹೊಸದಕ್ಕೆ ಕೂರುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಕೂರಿಸುವಾಗ ಎರಡೂ ಮುಳ್ಳುಗಳನ್ನು 12ಕ್ಕೆ ಸರಿಯಾಗಿ ಇಟ್ಟು ಒತ್ತಿ, ನಂತರ ಸೆಕೆಂಡ್ ಮುಳ್ಳು. ಗೋಡೆಗೆ ಏರಿಸುವ ಮೊದಲು ಹಿಂದಿನ ಗಾಲಿ ತಿರುಗಿಸಿ ಪೂರಾ 12 ಗಂಟೆ ಸುತ್ತಿಸಿ, ಎಲ್ಲೂ ತಾಗುತ್ತಿಲ್ಲವೆಂದು ನೋಡಿ.