ಪಟ್ಟಿ ಮೊದಲ ವಾರದಲ್ಲೇ ಟೀಚರ್ ಕೈ ಸೇರಬೇಕು: ನನ್ನ ಅನುಭವ

ಟೀಚರ್ ನಂಬಿಕೆ ಮಗುವಿನ ಕಲಿಕೆಯನ್ನು ಬದಲಿಸುತ್ತಾ ಅನ್ನೋ ನನ್ನ ಪ್ರಯೋಗಕ್ಕೆ ಮೂರನೇ ಪ್ರಯತ್ನದಲ್ಲಿ ಫಲಿತಾಂಶ ಬಂತು. "ಟೀಚರ್ ನಂಬಿದ ಹಾಗೆ ಮಗು ಬೆಳೆಯುತ್ತೆ ಅನ್ನೋದು ಹಳೇ ಕಥೆ, ನಿನ್ನ ಕೈಗೆ ಏನೂ ಸಿಗಲ್ಲ" ಅಂತ ಜೊತೆಯವರು ಎರಡು ವರ್ಷ ಹೇಳುತ್ತಲೇ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೋಸೆಂತಾಲ್ ಮತ್ತು ಜೇಕಬ್ಸನ್ ಅಮೆರಿಕದ ಶಾಲೆಯೊಂದರಲ್ಲಿ ಮಾಡಿ 1968ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ಮೂಲ. ಐದರಲ್ಲಿ ಒಂದು ಮಗುವಿನ ಹೆಸರನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿ, "ಪರೀಕ್ಷೆ ಪ್ರಕಾರ ಈ ಮಕ್ಕಳು ಈ ವರ್ಷ ಜಾಸ್ತಿ ಮುಂದೆ ಬರ್ತಾರೆ" ಅಂತ ಟೀಚರ್‌ಗೆ ಹೇಳಿದರು. ಆ ಮಕ್ಕಳು ಉಳಿದವರಿಗಿಂತ ಎದ್ದು ಕಾಣುವಷ್ಟು ಮುಂದೆ ಹೋಗಿದ್ದು ಒಂದು ಮತ್ತು ಎರಡನೇ ತರಗತಿಯಲ್ಲಿ ಮಾತ್ರ. ನಾನು ಹಿಡಿದಿದ್ದೂ ಅದೇ ದಾರಿ.

ಮೊದಲ ಸಲ ಪಟ್ಟಿ ಕೊಟ್ಟಿದ್ದು ವರ್ಷದ ಮಧ್ಯದಲ್ಲಿ. ಒಬ್ಬ ಟೀಚರ್ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ನಾಲ್ಕನೇ ಹೆಸರಿಗೆ ನಿಂತು, "ಇವನಾ? ನಿಮ್ಮ ಪರೀಕ್ಷೆಯಲ್ಲಿ ಏನೋ ತಪ್ಪಾಗಿದೆ" ಅಂದರು. ಅಲ್ಲಿಗೆ ಮುಗೀತು. ಅವರಿಗೆ ಆ ಹುಡುಗ ಐದು ತಿಂಗಳಿಂದ ಗೊತ್ತು. ನನ್ನ ಕಾಗದ ಆ ಪರಿಚಯವನ್ನು ಅಳಿಸುತ್ತಾ? ಸಂಶೋಧಕ ರಾಡೆನ್‌ಬುಷ್ 1984ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ ಇದನ್ನೇ ಹೇಳಿದ್ದರು. ಟೀಚರ್ ಮಕ್ಕಳನ್ನು ಎರಡು ವಾರಕ್ಕಿಂತ ಜಾಸ್ತಿ ಕಂಡಿದ್ದರೆ ಪಟ್ಟಿ ಕೆಲಸ ಮಾಡಲ್ಲ. ನಾನು ಅದನ್ನು ಓದಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡನೇ ಸಲ ಸಮಯ ಸರಿಯಾಗಿತ್ತು, ವ್ಯತ್ಯಾಸವೂ ದೊಡ್ಡದಾಗಿ ಬಂತು. ಆದರೆ ಉತ್ತರ ಪತ್ರಿಕೆ ತಿದ್ದಿದ್ದು ಆಯಾ ತರಗತಿಯ ಟೀಚರೇ. ಅನುಮಾನ ಬಂದು, ಹೆಸರು ಮುಚ್ಚಿ ಬೇರೆಯವರಿಂದ ತಿದ್ದಿಸಿದೆ. ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಮಾಯ. ಮಗು ಕಲಿತಿದ್ದಕ್ಕಿಂತ ಟೀಚರ್ ಕೈ ಸಡಿಲ ಬಿಟ್ಟು ಅಂಕ ಹಾಕಿದ್ದೇ ಜಾಸ್ತಿ. ಆ ವರ್ಷದ ಹಣವೆಲ್ಲ ಹಾಗೆ ಹೋಯಿತು.

ಮೂರನೇ ಸಲ 18 ತರಗತಿ, ಎಲ್ಲವೂ ಒಂದು ಮತ್ತು ಎರಡನೇ ತರಗತಿಗಳೇ. ಒಂದೊಂದರಲ್ಲೂ ಸುಮಾರು 40 ಮಕ್ಕಳು. ಶಾಲೆ ಶುರುವಾದ ಮೂರನೇ ದಿನ ಹೊರಗಿನವರು ಬಂದು 50 ಅಂಕದ ಪರೀಕ್ಷೆ ನಡೆಸಿದರು. ಆಮೇಲೆ ಪ್ರತಿ ತರಗತಿಯ ಒಳಗೇ ಚೀಟಿ ಎತ್ತಿ 8 ಹೆಸರು ತೆಗೆದೆ. ಒಳಗೇ ಎತ್ತುವುದು ಮುಖ್ಯ. ಆಗ ಒಳ್ಳೆ ಟೀಚರ್, ಕೆಟ್ಟ ಟೀಚರ್ ಅನ್ನೋ ಗೊಂದಲ ಇರಲ್ಲ. ಅದೇ ಟೀಚರ್ ಹತ್ತಿರ ಕಲಿತ 8 ಮಕ್ಕಳನ್ನು ಉಳಿದ 32 ಮಕ್ಕಳ ಜೊತೆ ಹೋಲಿಸುತ್ತೀರಿ. ಪಟ್ಟಿಯಲ್ಲಿ ಒಳ್ಳೆ ಮಾತು ಮಾತ್ರ ಇತ್ತು. "ಇವರು ಹಿಂದೆ ಬೀಳ್ತಾರೆ" ಅಂತ ಯಾವ ಮಗುವಿನ ಮೇಲೂ ಬರೆಯಬಾರದು, ಅದು ಪ್ರಯೋಗವಲ್ಲ, ಅನ್ಯಾಯ.

ಟೀಚರ್‌ಗೆ ಪಟ್ಟಿ ನೆನಪಿದೆಯೋ ಇಲ್ಲವೋ ಅಂತ ಎಂಟನೇ ವಾರದಲ್ಲಿ ತಿಳಿಯಬೇಕು, ಆದರೆ ಅನುಮಾನ ಬರಬಾರದು. ಇದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಮುಂದಿನ ಸಲ ನನಗೇ ಉಪಯೋಗಕ್ಕೆ ಬರಲ್ಲ.

ನಡುವೆ ಇನ್ನೊಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. ನಾಲ್ಕು ತರಗತಿಗಳಲ್ಲಿ ಪಟ್ಟಿ ಗೊತ್ತಿಲ್ಲದ ಒಬ್ಬರನ್ನು ಸ್ಟಾಪ್‌ವಾಚ್ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯ್ತಾರೆ? ಉಳಿದವರಿಗೆ ಒಂದು ಸೆಕೆಂಡ್ ಚಿಲ್ಲರೆ, ಪಟ್ಟಿಯವರಿಗೆ ಸುಮಾರು ಎರಡು. ಪಟ್ಟಿಯಲ್ಲಿದ್ದ ಒಬ್ಬ ಹುಡುಗಿ ಉತ್ತರ ಹೇಳದೆ ನೆಲ ನೋಡುತ್ತಿದ್ದಳು. ಟೀಚರ್ ಸೀಮೆಸುಣ್ಣ ಹಿಡಿದು ಅಲ್ಲೇ ನಿಂತರು, ಅದೇ ಪ್ರಶ್ನೆಯನ್ನು ಬೇರೆ ಥರ ಕೇಳಿದರು. ಉತ್ತರ ಬಂತು. ಪಕ್ಕದ ಹುಡುಗ ತಡವರಿಸಿದಾಗ ಪ್ರಶ್ನೆ ತಕ್ಷಣ ಮುಂದಿನ ಬೆಂಚಿಗೆ ಹೋಯಿತು. ನಾಲ್ಕೇ ತರಗತಿ, ಇದನ್ನು ಪುರಾವೆ ಅನ್ನಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ತೋರಿಸಿತು.

ವರ್ಷದ ಕೊನೆಯಲ್ಲಿ ಮತ್ತೆ ಹೊರಗಿನವರಿಂದಲೇ ಪರೀಕ್ಷೆ, ಹೆಸರಿಲ್ಲದೆ ತಿದ್ದಿಸಿದ್ದು. ಅರ್ಧ ಖರ್ಚು ಇವರ ಓಡಾಟಕ್ಕೇ ಆಯಿತು, ಆದರೂ ಇಲ್ಲಿ ಉಳಿತಾಯ ಮಾಡಬೇಡಿ. ಮೊದಲ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ಸೇರಿಸಿ ನೋಡಿದಾಗ ಪಟ್ಟಿಯವರು ಸರಾಸರಿ ಎರಡು ಅಂಕದಷ್ಟು ಮುಂದಿದ್ದರು. 18 ತರಗತಿಗಳಲ್ಲಿ ಹದಿಮೂರೋ ಹದಿನಾಲ್ಕೋ ಇದೇ ದಿಕ್ಕಿನಲ್ಲಿದ್ದವು. ಪ್ರತಿ ತರಗತಿಯ ಒಳಗೆ ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ 10,000 ಸಲ ಕಲಸಿ, ಪ್ರತಿ ಸಲವೂ ಬೇರೆ 8 ಹೆಸರು ಎತ್ತಿ ನೋಡಿದೆ. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬಂದಿದ್ದು ತೀರಾ ಅಪರೂಪ. ಎರಡು ಅಂಕ ಚಿಕ್ಕದು, ನಿಜ. ನಾಲ್ಕೈದು ತರಗತಿಯಲ್ಲಿ ಮಾಡಿದ್ದರೆ ಕಾಣುತ್ತಲೇ ಇರಲಿಲ್ಲ, ನನ್ನನ್ನು ಅನುಮಾನಿಸಿದವರ ಪ್ರಯೋಗಗಳೆಲ್ಲ ಅಷ್ಟೇ ಚಿಕ್ಕವು.

ಕೊನೆಗೆ ಎಲ್ಲ ಟೀಚರ್‌ಗಳನ್ನೂ ಕೂರಿಸಿ, ಅದು ಚೀಟಿ ಎತ್ತಿದ ಪಟ್ಟಿ ಅಂತ ಹೇಳಿದೆ. ಸ್ಟಾಪ್‌ವಾಚ್ ತರಗತಿಯಲ್ಲಿ ನೆಲ ನೋಡುತ್ತಿದ್ದ ಹುಡುಗಿಯ ಟೀಚರ್ ಒಪ್ಪಲಿಲ್ಲ. "ಇಲ್ಲ, ಆ ಹುಡುಗಿ ಮೊದಲಿಂದಲೇ ಚುರುಕು" ಅಂದರು. ಅವಳ ಮೊದಲ ಪತ್ರಿಕೆ ತೆಗೆದು ಮುಂದಿಟ್ಟೆ, 50ಕ್ಕೆ 17. ಅವರು ತುಂಬಾ ಹೊತ್ತು ಅದನ್ನೇ ನೋಡಿದರು.

ಈಗ ಅದೇ ಮಕ್ಕಳು ಹೊಸ ಟೀಚರ್ ಹತ್ತಿರ ಇದ್ದಾರೆ, ಇವರ ಕೈಯಲ್ಲಿ ಪಟ್ಟಿ ಇಲ್ಲ. ಆ ಎರಡು ಅಂಕ ಉಳಿಯುತ್ತಾ ಅಂತ ನೋಡೋಕೆ ಪ್ರಶ್ನೆಪತ್ರಿಕೆ ಅಚ್ಚಿಗೆ ಕೊಟ್ಟಿದ್ದೇನೆ.