ಅರಬ್ ಗೆಳೆಯರನ್ನು ಮಾತಾಡಿಸಲು ಪುಸ್ತಕದ ಅರೇಬಿಕ್ ಬೇಡ

ಗಲ್ಫ್‌ನಲ್ಲಿದ್ದು ಅರೇಬಿಕ್ ಕಲಿಯುತ್ತಿರುವವರಿಗೆ ಒಂದು ಮಾತು: ಗೆಳೆಯನನ್ನು 'ಹೇಗಿದ್ದೀಯಾ' ಅಂತ ಕೇಳುವಾಗ ಪುಸ್ತಕದ 'ಕೈಫ ಹಾಲುಕ' ಬಿಡಿ, ಅವನ ಊರಿನ ಮಾತಲ್ಲೇ ಕೇಳಿ. ಈಜಿಪ್ಟಿನವನಿಗೆ 'ಇಝ್ಝಯ್ಯಕ್', ಕುವೈತಿನವನಿಗೆ 'ಶ್ಲೋನಕ್', ಲೆಬನಾನ್‌ನವನಿಗೆ 'ಕೀಫಕ್'. ಶಿಷ್ಟ ಅರೇಬಿಕ್ ಯಾರ ಮನೆಮಾತೂ ಅಲ್ಲ, ಅವರು ಅದನ್ನು ಶಾಲೆಯಲ್ಲಿ ಕಲಿತು ವಾರ್ತೆ, ಭಾಷಣ, ಬರವಣಿಗೆಗೆ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಚಹಾ ಕುಡಿಯುತ್ತಾ ಅದನ್ನು ಆಡಿದರೆ ವಾರ್ತೆ ಓದಿದ ಹಾಗೆ ಕೇಳಿಸುತ್ತದೆ. ಗೆಳತಿಯಾದರೆ ಕೊನೆ ಬದಲಾಗುತ್ತದೆ: 'ಇಝ್ಝಯ್ಯಿಕ್', 'ಕೀಫಿಕ್', ಕುವೈತಿನಲ್ಲಿ 'ಶ್ಲೋನಿಚ್'. ಜನ ಜಾಸ್ತಿ ಎಡವುವುದು ಇಲ್ಲೇ. ಉತ್ತರಕ್ಕೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ, 'ಅಲ್‌ಹಮ್ದುಲಿಲ್ಲಾಹ್' ಎಲ್ಲ ಕಡೆ ನಡೆಯುತ್ತದೆ, ಅರಬ್ ಕ್ರೈಸ್ತರೂ ಅದನ್ನೇ ಹೇಳುತ್ತಾರೆ. ಈ ಉಪಾಯ ಎಲ್ಲಿ ಕೈಕೊಡುತ್ತದೆ ಅಂದರೆ, ಎದುರಿರುವವನು ಯಾವ ದೇಶದವನೆಂದು ಗೊತ್ತಿಲ್ಲದಾಗ. ಮೊರಾಕ್ಕೊದವನಿಗೆ 'ಶ್ಲೋನಕ್' ಅಂದರೆ ಅರ್ಥವಾದರೂ ಅದು ಅವನ ಮಾತಲ್ಲ, ಅಲ್ಲಿ 'ಲಾಬಾಸ್' ಅನ್ನುತ್ತಾರೆ. ಅಂಥ ಕಡೆ 'ಕೀಫ್ ಹಾಲಕ್' ಸಾಕು. ಅದು ಪುಸ್ತಕದ್ದೇ, ಆದರೆ ಕೊನೆಯ ಸ್ವರ ಬಿಟ್ಟು ಆಡುಮಾತಿಗೆ ಇಳಿದ ರೂಪ, ಹೆಚ್ಚಿನವರಿಗೆ ಸಹಜವಾಗೇ ಕೇಳಿಸುತ್ತದೆ. ಗೆಳೆಯನ ಅಪ್ಪನಿಗೋ ಬಾಸ್‌ಗೋ ಮೊದಲ ಭೇಟಿಯಲ್ಲಿ 'ಇಝ್ಝಯ್ಯಕ್' ಸಲುಗೆ ಜಾಸ್ತಿಯಾಯಿತು, ಈಜಿಪ್ಟಿನಲ್ಲಿ ಅಂಥವರಿಗೆ 'ಇಝ್ಝಯ್ಯ್ ಹದ್ರಿತಕ್' ಇದೆ.