ಸ್ಟ್ರೈಟನಿಂಗ್ ಬಿಟ್ಟು ಗುಂಗುರಿಗೆ ಮರಳಿದ್ದು

ಏಳು ವರ್ಷ ಸ್ಟ್ರೈಟನಿಂಗ್ ಮಾಡಿಸಿ, ನನ್ನದು ಗುಂಗುರು ಕೂದಲು ಅನ್ನೋದೇ ಮರೆತುಹೋಗಿತ್ತು. ನಿಲ್ಲಿಸಿ ಆರು ತಿಂಗಳಾದಾಗ ಬುಡದಲ್ಲಿ 3 ಇಂಚು ಗುಂಗುರು, ಕೆಳಗೆ 14 ಇಂಚು ಪೊರಕೆ ಕಡ್ಡಿ! ಎಣ್ಣೆ, ಮೆಂತ್ಯ ಏನು ಹಚ್ಚಿದರೂ ತುದಿ ಸುರುಳಿಯಾಗಲಿಲ್ಲ. ಆಗುವುದೂ ಇಲ್ಲ. ಕೆಮಿಕಲ್ ಆ ಕೂದಲಿನ ಒಳಗನ್ನೇ ಬದಲಿಸಿರುತ್ತದೆ, ಅದು ಕತ್ತರಿಸಿಯೇ ಹೋಗಬೇಕು.

ಒಂದೇ ಸಲ ಗಿಡ್ಡ ಮಾಡಿಸಲು ಧೈರ್ಯ ಬರಲಿಲ್ಲ. ಎರಡು ತಿಂಗಳಿಗೊಮ್ಮೆ 2 ಇಂಚು ತೆಗೆಸಿದೆ. ಅಷ್ಟರಲ್ಲಿ ಬುಡದಲ್ಲಿ ಸುಮಾರು 1 ಇಂಚು ಬೆಳೆದಿರುತ್ತಿತ್ತು, ಹಾಗಾಗಿ ಉದ್ದ ಒಮ್ಮೆಲೇ ಕಡಿಮೆ ಆದಂತೆ ಕಾಣಲಿಲ್ಲ.

ನಿಜವಾದ ತಲೆನೋವು ಗುಂಗುರು ಮತ್ತು ನೇರ ಕೂದಲು ಸೇರುವ ಜಾಗ. ಒಣಗಿದ ಮೇಲೆ ಬಾಚಿದರೆ ಅಲ್ಲೇ ತುಂಡಾಗುತ್ತಿತ್ತು. ಬಾಚಣಿಗೆಯಲ್ಲಿ ಬುಡವಿಲ್ಲದ ಚೂರುಗಳು ಸಿಕ್ಕಾಗ ಗೊತ್ತಾಯಿತು. ಆಮೇಲೆ ಕಂಡೀಷನರ್ ಹಚ್ಚಿದಾಗ ಮಾತ್ರ, ಬೆರಳಿನಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿದೆ.

ಎರಡು ಬಗೆ ಕೂದಲು ಒಂದೇ ಥರ ಕಾಣಲು ಅಗಸೆ ಬೀಜದ ಲೋಳೆ ಸಾಕಾಯಿತು. 2 ಚಮಚ ಬೀಜ, 2 ಲೋಟ ನೀರು. ಕುದಿಸಿ, ಮೊಟ್ಟೆಯ ಬಿಳಿ ಭಾಗದಂತಾದಾಗ ಬಿಸಿಯಲ್ಲೇ ಸೋಸಬೇಕು. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ! ಒದ್ದೆ ಕೂದಲಿಗೆ ಸವರಿ, ಆರು ಸಣ್ಣ ಜಡೆ ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚುತ್ತಿದ್ದೆ.

ಏಳನೇ ಟ್ರಿಮ್‌ಗೆ ನೇರ ತುದಿ ಮುಗಿಯಿತು.